ಬಲಮಗ್ಗಲಿನ ನೋವು: ಡಾಕ್ಟರಿಗೆ ಕಾಗದದಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮ್ಮೂರು ಕಾರಟಗಿ ಹತ್ರ. ನನಗ 43 ವರ್ಷ. ಆರೇಳು ತಿಂಗಳಿಂದ ಬಲಗಡೆ ಹೊಟ್ಟಿ ಬಂದು ಬಂದು ನೂಸತೈತ್ರಿ. ಡಾಕ್ಟರ್ ಹತ್ರ ಹೋಗೂದ್ರಾಗ ಬ್ಯಾನಿ ನಿಂತಿರತೈತಿ. ಅವರ ಮುಂದ ಕುಂತ್ರ ಏನ್ ಹೇಳಬೇಕು ತಿಳಿಯೂದಿಲ್ಲ. ಗ್ಯಾಸ್ ಆಗೇತಿ ಅಂತ ಗುಳಿಗಿ ಕೊಡ್ತಾರ. ಎಲ್ಲಾ ಒಂದ್ ಕಾಗದದಾಗ ಬರದು ಕೊಡು ಅಂತ ಮಗಳು ಹೇಳ್ಯಾಳ. ಏನ್ ಬರೀಲಿ, ಹೆಂಗ್ ಬರೀಲಿ?

ಉತ್ತರ: ಮಗಳ ಮಾತು ಕೇಳಿ ತಾಯಿ, ಕಾಗದ ಬರೆಯಿರಿ. ಆದರೆ ಎಲ್ಲಾ ಬರೆಯಲು ಹೋಗಬೇಡಿ. ಅಷ್ಟು ತಿಂಗಳ ಕಥೆ ಬರೆಯಲು ಕೂತರೆ ಮೂರು ಹಾಳೆ ತುಂಬುತ್ತದೆ, ಓದುವ ಡಾಕ್ಟರಿಗೆ ಅದರೊಳಗೆ ನೋವನ್ನು ಹುಡುಕುವುದೇ ಕೆಲಸವಾಗುತ್ತದೆ. ಕೊನೆಯ ಸಲ ಬಂದ ನೋವೊಂದನ್ನೇ ಹಿಡಿಯಿರಿ. ಅದು ಶುರುವಾದಾಗಿನಿಂದ ಇಳಿಯುವವರೆಗೆ ಗಂಟೆ ಗಂಟೆಗೆ ಏನೇನಾಯಿತು ಎಂದು ಬರೆಯಿರಿ. ಹಿಂದಿನ ಸಲಗಳೂ ಹಾಗೇ ಇದ್ದವೋ, ಬೇರೆ ಇದ್ದವೋ ಎನ್ನುವುದಕ್ಕೆ ಒಂದು ಸಾಲು ಸಾಕು.

ಬಂದು ಹೋಗುವ ನೋವಿನಲ್ಲಿ, ನೋವಿಲ್ಲದ ದಿನ ಹೊಟ್ಟೆ ಒತ್ತಿ ನೋಡಿದರೆ ನಮ್ಮ ಕೈಗೆ ಏನೂ ಹತ್ತುವುದಿಲ್ಲ. ಹೊಟ್ಟೆ ಮೆತ್ತಗಿರುತ್ತದೆ, ನಾಡಿ ಸರಿ ಇರುತ್ತದೆ, ಜ್ವರ ಇರುವುದಿಲ್ಲ. ಆಗ ಡಾಕ್ಟರಿಗೆ ಉಳಿಯುವುದು ನಿಮ್ಮ ಮಾತು ಒಂದೇ. ಅದೂ 'ಬಲಗಡೆ ನೋವು, ಗ್ಯಾಸ್ ಇರಬೇಕು' ಎಂದಾಗಿಬಿಟ್ಟರೆ ಗ್ಯಾಸಿನ ಗುಳಿಗೆಯನ್ನೇ ಬರೆಯುತ್ತಾರೆ. ನಾನೂ ಎಷ್ಟೋ ಸಲ ಹಾಗೆ ಬರೆದವನೇ.

ನಿಮ್ಮ ವಯಸ್ಸಿನವರೇ ಒಬ್ಬರು ಅಂಗನವಾಡಿ ಕಾರ್ಯಕರ್ತೆ ಹೀಗೇ ಕಾಗದ ಹಿಡಿದು ನನ್ನ ಹತ್ತಿರ ಬಂದಿದ್ದರು. ಗುರುತು ಸಿಗದಷ್ಟು ಬದಲಿಸಿ ಅವರ ಸಂಗತಿ ಹೇಳುತ್ತೇನೆ. ದಿನವೂ ರಿಜಿಸ್ಟರ್ ಬರೆಯುವವರು, ಅಕ್ಷರ ಮುತ್ತಿನಂತಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟು: 'ಎಂಟು ತಿಂಗಳಿಂದ ವಿಪರೀತ ಗ್ಯಾಸ್ ಟ್ರಬಲ್. ಬಲಭಾಗದಲ್ಲಿ ಸಹಿಸಲಾರದ ನೋವು. ಗಂಗಾವತಿಯಲ್ಲಿ ತೋರಿಸಿದ್ದೇವೆ, ಕೊಪ್ಪಳದಲ್ಲೂ ತೋರಿಸಿದ್ದೇವೆ, ಗುಣ ಕಂಡಿಲ್ಲ.' ಅದರ ಕೆಳಗೆ ಎರಡು ಪುಟದ ತುಂಬ ಯಾವ ಊರಿನಲ್ಲಿ ಯಾವ ಔಷಧ, ಎಷ್ಟು ಖರ್ಚು ಎಂಬ ಲೆಕ್ಕ. ಎರಡು ಸಲ ಓದಿದರೂ ಅವರ ನೋವು ಎಂಥದ್ದೆಂದು ನನಗೆ ತಿಳಿಯಲಿಲ್ಲ.

ಕಾಗದ ಪಕ್ಕಕ್ಕಿಟ್ಟು ಕೇಳಿದೆ: 'ಕಡೀ ಸಲ ಯಾವಾಗ ಬಂತು ತಾಯಿ?'

'ಪಂಚಮಿ ಮರುದಿನ ರಾತ್ರಿ ರೀ.'

'ಊಟ ಎಷ್ಟೊತ್ತಿಗಾತು? ಬ್ಯಾನಿ ಎಷ್ಟೊತ್ತಿಗೆ ಬಂತು?'

ಹೀಗೆ ಹತ್ತು ನಿಮಿಷ ಮಾತಾಡಿದೆವು. ಆಮೇಲೆ ಒಂದು ಹಾಳೆ ಕೊಟ್ಟು, ನನಗೆ ಈಗ ಹೇಳಿದ್ದನ್ನೇ ಬರೆಯಿರಿ ಎಂದೆ. ಅವರನ್ನು ಸರ್ಜನ್ ಹತ್ತಿರ ಕಳಿಸಬೇಕಿತ್ತು, ಅಲ್ಲಿ ಮತ್ತೆ ಮೊದಲಿನಿಂದ ಹೇಳುವಾಗ ತಡವರಿಸಬಾರದು ಎಂಬ ಯೋಚನೆ ನನ್ನದು. ಅವರು ಬರೆದದ್ದು ಹೀಗಿತ್ತು.

'ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 46 ವರ್ಷ. ಎರಡು ಹೆರಿಗೆಯಾಗಿವೆ, ಮಕ್ಕಳಾಗದ ಆಪರೇಷನ್ ಆಗಿದೆ. ಬಿಪಿ ಇದೆ, ದಿನಾ ಒಂದು ಗುಳಿಗೆ ತಗೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ.

ಎಂಟು ತಿಂಗಳಲ್ಲಿ ಐದು ಸಲ ನೋವು ಬಂದಿದೆ. ಎಳ್ಳಮಾಸಿ ದಿನ ಮೊದಲು ಬಂತು. ಉಗಾದಿ ಮುಂದೆ ಒಮ್ಮೆ, ಕಾರಹುಣ್ಣಿಮೆ ವಾರದಲ್ಲಿ ಎರಡು ಸಲ, ಈಗ ಪಂಚಮಿ ಮರುದಿನ. ನಡುವಿನ ದಿನಗಳಲ್ಲಿ ಪೂರ್ತಿ ಆರಾಮ ಇರುತ್ತೇನೆ, ಹೊಲಕ್ಕೂ ಹೋಗುತ್ತೇನೆ.

ಕೊನೆಯ ಸಲ ರಾತ್ರಿ 8 ಗಂಟೆಗೆ ಮಿರ್ಚಿ, ಒಗ್ಗರಣಿ, ಎರಡು ಶೇಂಗಾ ಉಂಡಿ ತಿಂದು ಮಲಗಿದೆ. 11 ಗಂಟೆಗೆ ನೋವಿನಿಂದ ಎಚ್ಚರವಾಯಿತು. ಮೊದಲು ಎದೆಗುಳಿ ಕೆಳಗೆ ಇತ್ತು, ಅರ್ಧ ಗಂಟೆಯಲ್ಲಿ ಬಲ ಪಕ್ಕಡಿ ಕೆಳಗೆ ಬಂದು ನಿಂತಿತು. ಒಳಗಿಂದ ಮುಷ್ಟಿ ಕಟ್ಟಿ ಹಿಂಡಿದ ಹಾಗೆ. ಬಿಟ್ಟು ಬಿಟ್ಟು ಬರಲಿಲ್ಲ, ಒಂದೇ ಸಮ ಇತ್ತು. ಹಿಂದೆ ಬಲ ಹೆಗಲಿನ ಹಲಗೆ ಕೆಳಗೂ ನೋಯುತ್ತಿತ್ತು. ಎರಡು ಸಲ ವಾಂತಿಯಾಯಿತು, ಆದರೂ ನೋವು ಇಳಿಯಲಿಲ್ಲ. ಗ್ಯಾಸಿನ ಗುಳಿಗೆ ಎರಡು ನುಂಗಿದೆ, ಡರಿಕಿ ಬಂತು, ನೋವು ಹಾಗೇ ಇತ್ತು. ಕೂತರೂ ಮಲಗಿದರೂ ಒಂದೇ. ನಸುಕಿನ 3 ಗಂಟೆ ಸುಮಾರಿಗೆ ತಾನಾಗಿಯೇ ಇಳಿಯಿತು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಆ ಜಾಗ ಹುಣ್ಣಾದ ಹಾಗಿತ್ತು.

ಜ್ವರ ಬಂದಿಲ್ಲ. ಮೂತ್ರ ಮಾಮೂಲಿನಂತೆ ಇದೆ, ಉರಿ ಇಲ್ಲ, ಬಣ್ಣ ಬದಲಾಗಿಲ್ಲ. ಕಣ್ಣು ಹಳದಿಯಾಗಿಲ್ಲ. ತೂಕ ಇಳಿದಿಲ್ಲ. ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ನೋವಿನ ಗುಳಿಗೆ ತಂದು ಎರಡು ಸಲ ನುಂಗಿದ್ದೇನೆ, ಆ ಗುಳಿಗೆಯ ಹಾಳೆ ಇದರ ಜೊತೆ ಇಟ್ಟಿದ್ದೇನೆ. ನಮ್ಮ ತಾಯಿಗೆ ಪಿತ್ತಕೋಶದ ಹರಳಿಗೆ ಆಪರೇಷನ್ ಆಗಿತ್ತು. ನನಗೆ ಹೊಟ್ಟೆಯಲ್ಲಿ ಗಡ್ಡೆ ಇರಬಹುದೇ ಎಂದು ಭಯವಾಗಿದೆ.'

ಒಂದೇ ಪುಟದ ಈ ಕಾಗದದಲ್ಲಿ ತಮ್ಮ ನೋವಿಗೆ ಅವರು ಯಾವ ಕಾಯಿಲೆಯ ಹೆಸರನ್ನೂ ಇಟ್ಟಿಲ್ಲ. ಆದರೂ ಓದಿದ ಡಾಕ್ಟರ್ ಮೊದಲು ನೆನೆಯುವುದು ಪಿತ್ತಕೋಶವನ್ನೇ. ಪಿತ್ತಕೋಶ ಅಂದರೆ ಯಕೃತ್ತಿನ ಕೆಳಗೆ ಅಂಟಿಕೊಂಡಿರುವ ಚಿಕ್ಕ ಚೀಲ. ಎಣ್ಣೆ, ತುಪ್ಪ ತಿಂದಾಗ ಅದು ಬಿಗಿದು ಪಿತ್ತರಸವನ್ನು ಕರುಳಿಗೆ ಬಿಡುತ್ತದೆ. ಒಳಗೆ ಹರಳಿದ್ದರೆ, ಬಿಗಿಯುವಾಗ ಅದು ಚೀಲದ ಬಾಯಿಗೆ ಬಂದು ಕೂರುತ್ತದೆ. ಬಾಯಿ ಮುಚ್ಚಿರುವಷ್ಟು ಹೊತ್ತು ನೋವು. ಹರಳು ಹಿಂದೆ ಸರಿಯಿತೆಂದರೆ ನೋವು ನಿಂತಿತು, ಮರುದಿನ ಏನೂ ಆಗದವರಂತೆ ಓಡಾಡುತ್ತೀರಿ. ಅದಕ್ಕೇ ಈ ನೋವು ಊಟವಾಗಿ ಒಂದೆರಡು ಗಂಟೆಯ ಮೇಲೆ, ಹೆಚ್ಚಾಗಿ ರಾತ್ರಿ ಬರುತ್ತದೆ. ಬಂದರೆ ಅರ್ಧ ಗಂಟೆಗಿಂತ ಹೆಚ್ಚು, ಐದಾರು ಗಂಟೆಗಿಂತ ಕಡಿಮೆ ಇರುತ್ತದೆ. ಎಣ್ಣೆ ತಿಂದಾಗಲೆಲ್ಲ ಬರಲೇಬೇಕೆಂದಿಲ್ಲ, ತಿನ್ನದ ದಿನವೂ ಬರಬಹುದು. ಆದ್ದರಿಂದ ಏನು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು ಎನ್ನುವುದು ನಮಗೆ ಹೆಚ್ಚು ಬೇಕು.

ಆ ಕಾಗದದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 'ಇಳಿಯಲಿಲ್ಲ' ಎಂದಿರುವ ಸಾಲುಗಳ ಮೇಲೆ. ವಾಂತಿಯಾದರೂ ಇಳಿಯಲಿಲ್ಲ, ಡರಿಕಿ ಬಂದರೂ ಇಳಿಯಲಿಲ್ಲ, ಗುಳಿಗೆಗೂ ಜಗ್ಗಲಿಲ್ಲ. ರೋಗಿಗಳು ಸಾಮಾನ್ಯವಾಗಿ ಬರೆಯದೆ ಬಿಡುವುದು ಇದನ್ನೇ. ಕರುಳಿನಲ್ಲಿ ವಾಯು ತುಂಬಿ ಬರುವ ನೋವಾದರೆ ವಾಯು ಸರಿದಾಗ, ಬಯಲಿಗೆ ಹೋಗಿಬಂದಾಗ ಹಗುರಾಗುತ್ತದೆ. ಹುಣ್ಣಿನ ನೋವು ಹಸಿದಾಗ ಬಂದು, ಏನಾದರೂ ತಿಂದರೆ ಸ್ವಲ್ಪ ಹೊತ್ತು ಸುಮ್ಮನಾಗುವುದು ಹೆಚ್ಚು. ಹಾಗಾಗಿ ನೀವು ಏನೇನು ಮಾಡಿ ನೋಡಿದಿರಿ, ಯಾವುದಕ್ಕೆ ಹಗುರಾಯಿತು, ಯಾವುದಕ್ಕೆ ಆಗಲಿಲ್ಲ ಎಂದು ಬಿಡದೆ ಬರೆಯಿರಿ. ಕಾಗದದಲ್ಲಿ 'ಗ್ಯಾಸ್' ಎಂಬ ಪದವನ್ನು ಗುಳಿಗೆಯ ಹೆಸರಾಗಿ ಬಿಟ್ಟರೆ ಬೇರೆ ಯಾವುದಕ್ಕೂ ಬಳಸಬೇಡಿ. ಹೊಟ್ಟೆ ಉಬ್ಬಿದ್ದರೆ ಉಬ್ಬಿತ್ತು ಅನ್ನಿ, ಹುಳಿತೇಗು ಬಂದಿದ್ದರೆ ಹುಳಿತೇಗು ಅನ್ನಿ, ಎದೆ ಉರಿದಿದ್ದರೆ ಉರಿ ಅನ್ನಿ. ಇವು ಮೂರೂ ಬೇರೆ ಬೇರೆ, ಗ್ಯಾಸ್ ಅಂದಾಗ ಮೂರೂ ಒಂದರೊಳಗೊಂದು ಕಲಸಿಹೋಗುತ್ತವೆ.

'ಸಹಿಸಲಾರದ', 'ವಿಪರೀತ' ಎಂಬ ಮಾತುಗಳೂ ಹೀಗೇ. ನೋವು ಎಷ್ಟಿತ್ತೆಂದು ತಿಳಿಯಬೇಕಾದರೆ ಅದು ನಿಮ್ಮಿಂದ ಯಾವ ಕೆಲಸ ಬಿಡಿಸಿತು ಎಂದು ಬರೆಯಿರಿ. ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ಹೋಗಿ ಮಲಗಿದೆ ಎಂದರೆ ಅದಕ್ಕಿಂತ ಅಳತೆ ಬೇಕಿಲ್ಲ. ನೋವಿನ ಬಗೆಗೂ ನಿಮ್ಮ ಮನೆಯ ಮಾತೇ ಸರಿ. ಚುಚ್ಚಿದಂಗ, ಹಿಂಡಿದಂಗ, ತಿರುವಿದಂಗ, ಚಳಕು ಹೊಡದಂಗ ಎಂದು ನೀವು ಅನ್ನುವ ಹಾಗೇ ಬರೆದರೆ ಇಲ್ಲಿಯ ಡಾಕ್ಟರಿಗೆ ಚೆನ್ನಾಗಿ ತಿಳಿಯುತ್ತದೆ.

ತಾರೀಖು ನೆನಪಿಲ್ಲವೆಂದು ಸುಮ್ಮನಾಗಬೇಡಿ. ಆ ತಾಯಿ ಹಬ್ಬ ಹುಣ್ಣಿಮೆಗಳ ಲೆಕ್ಕದಲ್ಲಿ ಹೇಳಿದರು, ನಾನು ಗೋಡೆಯ ಕ್ಯಾಲೆಂಡರ್ ತೆಗೆದು ಐದು ಕಡೆ ಗೀಟು ಹಾಕಿದೆ. ಎಳ್ಳಮಾಸಿಯಿಂದ ಉಗಾದಿಗೆ ಮೂರು ತಿಂಗಳ ಅಂತರ, ಕಾರಹುಣ್ಣಿಮೆಗೆ ಬಂದಾಗ ಒಂದೇ ವಾರದಲ್ಲಿ ಎರಡು. ಸಲಗಳು ಹತ್ತಿರ ಹತ್ತಿರ ಆಗುತ್ತಿರುವುದು ಅವರಿಗೂ ಆಗಲೇ ಕಂಡದ್ದು. ನೀವೂ ಜಾತ್ರೆ, ಅಮಾಸಿ, ಭತ್ತದ ನಾಟಿ, ಮಗಳ ಪರೀಕ್ಷೆ, ಏನು ನೆನಪಿದೆಯೋ ಅದರ ಪಕ್ಕಕ್ಕೆ ನೋವನ್ನು ಇಟ್ಟು ನೋಡಿ. ನಿಮಗೆ ಮುಟ್ಟು ಇನ್ನೂ ನಿಂತಿಲ್ಲವಾದರೆ ಆ ದಿನಗಳನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನೋವು ಕಿಬ್ಬೊಟ್ಟೆಯಲ್ಲಿದ್ದು ಮುಟ್ಟಿನ ದಿನಗಳಿಗೆ ಹೊಂದಿ ಬರುತ್ತಿದ್ದರೆ ಅಂಡಾಶಯದ ಕಡೆ ನೋಡಬೇಕಾಗುತ್ತದೆ.

ಇನ್ನು ಜಾಗ. 'ಬಲಗಡೆ' ಎಂದರೆ ಪಕ್ಕಡಿಯಿಂದ ತೊಡೆಸಂದಿನವರೆಗೆ ಒಂದು ಗೇಣಿಗೂ ಹೆಚ್ಚು. ಕಾಗದದಲ್ಲೇ ಒಂದು ಹೊಟ್ಟೆಯ ಚಿತ್ರ ಬರೆಯಿರಿ, ಹೊಕ್ಕಳಿಗೆ ಒಂದು ಚುಕ್ಕಿ ಇಡಿ, ನೋವು ಶುರುವಾದಲ್ಲಿ ಒಂದು ಗುರುತು, ಹೋಗಿ ನಿಂತಲ್ಲಿ ಇನ್ನೊಂದು. ಬೆನ್ನಿಗೂ ಹೋಗಿದ್ದರೆ ಬೆನ್ನಿನ ಚಿತ್ರ ಬೇರೆ. ಒಂದು ಬೆರಳಿಟ್ಟು ತೋರಿಸುವಷ್ಟು ಜಾಗವೋ, ಪೂರ್ತಿ ಅಂಗೈ ಇಡುವಷ್ಟೋ ಎಂದು ಪಕ್ಕದಲ್ಲಿ ಬರೆಯಿರಿ. ಬೆರಳ ತುದಿಯಷ್ಟೇ ಜಾಗ, ಅಂಗಾತ ಮಲಗಿ ತಲೆ ಎತ್ತಿದರೆ ಅಲ್ಲೇ ಜಾಸ್ತಿಯಾಗುತ್ತದೆ ಅಂದರೆ ನೋವು ಹೊಟ್ಟೆಯ ಒಳಗಿನದ್ದಕ್ಕಿಂತ ಮೇಲಿನ ಸ್ನಾಯುವಿನದ್ದಿರುವ ಸಾಧ್ಯತೆ ಹೆಚ್ಚು. ಭತ್ತದ ಚೀಲ ಎತ್ತುವವರಲ್ಲಿ ಇದನ್ನು ಕಂಡಿದ್ದೇನೆ.

ನಮ್ಮ ಬಿಸಿಲಿನ ಸೀಮೆಯಲ್ಲಿ ಮೂತ್ರದ ಹರಳೂ ಬಹಳ. ದಿನವಿಡೀ ಬೆವರು ಸುರಿಸಿ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಹರಳು ಕಟ್ಟುತ್ತದೆ. ಅದು ಬಲಗಡೆ ಬಂದರೆ ಸೊಂಟದ ಹಿಂದೆ ಶುರುವಾಗಿ ಪಕ್ಕಕ್ಕೆ ಸುತ್ತಿ ತೊಡೆಸಂದಿಗೆ ಇಳಿಯುತ್ತದೆ, ತೆರೆ ಬಂದಂತೆ ಏರಿ ಇಳಿಯುತ್ತದೆ. ಮನುಷ್ಯ ಒಂದು ಕಡೆ ಕೂರಲಾರ, ಹೊರಳಾಡುತ್ತಾನೆ, ಎದ್ದು ಅಂಗಳ ಸುತ್ತುತ್ತಾನೆ. ಮೂತ್ರ ಕೆಂಪಗಾಗಬಹುದು, ಪದೇ ಪದೇ ಅವಸರವಾಗಬಹುದು. ನೋವು ಬಂದಾಗ ನೀವು ಸುಮ್ಮನೆ ಮುದುಡಿಕೊಂಡು ಮಲಗುತ್ತೀರೋ, ನಿಂತಲ್ಲಿ ನಿಲ್ಲದೆ ತಿರುಗಾಡುತ್ತೀರೋ ಎನ್ನುವುದನ್ನು ನಿಮಗಿಂತ ಮನೆಯವರು ಚೆನ್ನಾಗಿ ಕಂಡಿರುತ್ತಾರೆ. ಆ ಸಾಲನ್ನು ಮಗಳ ಹತ್ತಿರವೇ ಬರೆಸಿ.

ನೋವು ಹೊಕ್ಕಳಿಗಿಂತ ಕೆಳಗೆ ಬಲಕ್ಕೆ ಇದ್ದು, ಊಟವಾದ ಮೇಲೆ ತಿರುವಿದಂತಾಗಿ, ಹೊಟ್ಟೆಯೊಳಗೆ ಗುಡುಗುಡು ಸದ್ದಾಗಿ ಆಮೇಲೆ ಹಗುರಾಗುತ್ತಿದ್ದರೆ, ಜೊತೆಗೆ ಸಂಜೆ ಮೈ ಬೆಚ್ಚಗಾಗುವುದು, ಕುಪ್ಪಸ ಸಡಿಲವಾಗುವಷ್ಟು ತೂಕ ಇಳಿಯುವುದು ಇದ್ದರೆ ಅದನ್ನು ಕಾಗದದ ಮೊದಲ ಸಾಲಿಗೇ ತನ್ನಿ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಇರುವುದು ಅಲ್ಲೇ, ಕರುಳಿನ ಕ್ಷಯ ಹೆಚ್ಚಾಗಿ ಕೂರುವುದೂ ಅಲ್ಲೇ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿ ಔಷಧ ನಡೆದಿದ್ದರೆ ನಾಚದೆ ಬರೆಯಬೇಕು. ಎಷ್ಟೋ ಜನ ಇದನ್ನು ಮುಚ್ಚಿಟ್ಟು ತಿಂಗಳುಗಟ್ಟಲೆ ಗ್ಯಾಸಿನ ಗುಳಿಗೆ ನುಂಗುತ್ತಾರೆ.

ಇಷ್ಟೆಲ್ಲ ಬರೆಯುವುದೇಕೆ, ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ನಿಮ್ಮ ಮನೆಯವರು ಕೇಳಬಹುದು. ಪಿತ್ತಕೋಶದ ಹರಳನ್ನು ಹೊಟ್ಟೆಯ ಅಲ್ಟ್ರಾಸೌಂಡ್ ಬಹಳ ಚೆನ್ನಾಗಿ ತೋರಿಸುತ್ತದೆ, ನಿಜ. ಆದರೆ ಹರಳಿದ್ದವರಿಗೆಲ್ಲ ನೋವು ಬರುವುದಿಲ್ಲ, ಬಹಳ ಜನರಲ್ಲಿ ಅದು ಜೀವಮಾನವಿಡೀ ಸುಮ್ಮನೆ ಇರುತ್ತದೆ. ಸ್ಕ್ಯಾನ್ ಹರಳಿದೆ ಎಂದು ಹೇಳಬಲ್ಲದು. ನಿಮ್ಮ ನೋವು ಆ ಹರಳಿನದ್ದೇ ಎಂದು ಅದು ಹೇಳಲಾರದು.

ಇದು ನನಗೆ ಮನದಟ್ಟಾದದ್ದು ಒಬ್ಬ ಅಕ್ಕಿ ಗಿರಣಿ ಗುಮಾಸ್ತರಿಂದ. ಬಲಗಡೆ ನೋವೆಂದು ಬಂದರು, ಸ್ಕ್ಯಾನಿನಲ್ಲಿ ಒಂದು ಹರಳು ಕಂಡಿತು, ಆಪರೇಷನ್ನಿಗೆ ನಾನೇ ಕಳಿಸಿದೆ. ಪಿತ್ತಕೋಶ ತೆಗೆದರು, ಗಾಯ ಮಾಯ್ದಿತು, ಎರಡು ತಿಂಗಳಿಗೆ ಅದೇ ನೋವು ಹಿಡಿದುಕೊಂಡು ಮತ್ತೆ ಬಂದರು. ಆಗ ಕೂತು ಕೇಳಿದಾಗ ತಿಳಿಯಿತು: ನೋವು ವಾರದಲ್ಲಿ ನಾಲ್ಕೈದು ದಿನ ಇರುತ್ತಿತ್ತು, ಬೆಳಿಗ್ಗೆ ಶುರುವಾಗಿ ಹಗಲೆಲ್ಲ ಮೆಲ್ಲಗೆ ನೋಯುತ್ತಿತ್ತು, ಬಯಲಿಗೆ ಹೋಗಿಬಂದರೆ ಇಳಿಯುತ್ತಿತ್ತು, ರಾತ್ರಿ ಎಂದೂ ಎಬ್ಬಿಸಿರಲಿಲ್ಲ. ಅದು ಕರುಳಿನ ನೋವಾಗಿತ್ತು, ಹರಳು ತನ್ನ ಪಾಡಿಗೆ ತಾನಿತ್ತು. ಮೊದಲ ದಿನವೇ ಈ ನಾಲ್ಕು ಮಾತು ಕೇಳಿದ್ದರೆ ಅವರಿಗೆ ಆ ಆಪರೇಷನ್ ಬೇಕಿರಲಿಲ್ಲ. ಅಂದಿನಿಂದ ಸ್ಕ್ಯಾನ್ ರಿಪೋರ್ಟ್ ಬಿಚ್ಚುವ ಮೊದಲು ನೋವಿನ ಕಥೆ ಕೇಳುವುದನ್ನು ನಾನು ತಪ್ಪಿಸಿಲ್ಲ.

ಅಂಗನವಾಡಿಯ ತಾಯಿಗೆ ಸ್ಕ್ಯಾನಿನಲ್ಲಿ ನಾಲ್ಕೈದು ಹರಳು ಕಂಡವು. ಅವರ ವಿಷಯದಲ್ಲಿ ಕಾಗದವೂ ಸ್ಕ್ಯಾನೂ ಒಂದೇ ಮಾತು ಹೇಳುತ್ತಿದ್ದವು. ದೀಪಾವಳಿಗೆ ಮೊದಲು ದುರ್ಬೀನಿನ ಆಪರೇಷನ್ ಆಯಿತು. ಎರಡು ವರ್ಷ ನನ್ನ ಕಣ್ಣಳತೆಯಲ್ಲೇ ಇದ್ದರು, ಆ ನೋವು ತಿರುಗಿ ಬರಲಿಲ್ಲ. ಸ್ಕ್ಯಾನಿಗೆ ಅವರು ಮೊದಲೊಮ್ಮೆ ಉಪ್ಪಿಟ್ಟು ತಿಂದು ಹೋಗಿ ತಿರುಗಿ ಬಂದಿದ್ದರು. ತಿಂದರೆ ಪಿತ್ತಕೋಶ ಕುಗ್ಗುತ್ತದೆ, ಒಳಗಿನದ್ದು ಸರಿಯಾಗಿ ಕಾಣುವುದಿಲ್ಲ. ನಿಮಗೆ ಬರೆದುಕೊಟ್ಟರೆ ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಚಹಾ ಕೂಡ ಬೇಡ. ಬಿಪಿ, ಸಕ್ಕರೆಯ ಗುಳಿಗೆ ಇದ್ದರೆ ಅವತ್ತು ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ.

ನೋವಿನ ಗುಳಿಗೆಗಳ ಬಗ್ಗೆ ಒಂದು ಮಾತು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದನ್ನು ಡಾಕ್ಟರ್ ಬೈಯುತ್ತಾರೆಂದು ಯಾರೂ ಹೇಳುವುದಿಲ್ಲ. ಡೈಕ್ಲೋಫೆನಾಕಿನಂಥವು ಪಿತ್ತದ ನೋವನ್ನೂ ಮೂತ್ರದ ಹರಳಿನ ನೋವನ್ನೂ ಕಡಿಮೆ ಮಾಡುತ್ತವೆ, ಆದರೆ ಮೇಲಿಂದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಆಗ ಒಂದು ನೋವಿನ ಮೇಲೆ ಇನ್ನೊಂದು ನೋವು ಕೂತು ಕಥೆಯೇ ಗೋಜಲಾಗುತ್ತದೆ. ಯಾವ ಗುಳಿಗೆ, ವಾರಕ್ಕೆ ಎಷ್ಟು ಎಂದು ಇದ್ದದ್ದು ಇದ್ದಂಗ ಬರೆಯಿರಿ. ಹೆಸರು ಓದಲು ಬಾರದಿದ್ದರೆ ಗುಳಿಗೆಯ ಖಾಲಿ ಹಾಳೆಯನ್ನೇ ಕಾಗದಕ್ಕೆ ಪಿನ್ ಹಾಕಿ.

ಕೆಲವು ಸಲ ಕಾಗದ ಬರೆಯುತ್ತ ಕೂರಬಾರದು. ನೋವು ಆರು ಗಂಟೆ ದಾಟಿಯೂ ಇಳಿಯದಿದ್ದರೆ, ಚಳಿ ಜ್ವರ ಬಂದರೆ, ಹಗಲು ಬೆಳಕಿನಲ್ಲಿ ಕಣ್ಣು ಹಳದಿ ಕಂಡರೆ, ಮೂತ್ರ ಕರಿ ಚಹಾದಂತಾದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ, ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅದೇ ಹೊತ್ತಿಗೆ ದೊಡ್ಡಾಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಹೊಕ್ಕಳ ಸುತ್ತ ಶುರುವಾದ ನೋವು ಒಂದು ದಿನದೊಳಗೆ ಕೆಳಗೆ ಬಲಕ್ಕೆ ಸರಿದು, ಕೆಮ್ಮಿದರೆ ನೋಯುತ್ತ, ಊಟ ಸೇರದಂತಾದರೆ ಅಪೆಂಡಿಕ್ಸ್ ಇರಬಹುದು, ಅದಕ್ಕೂ ಕಾಯಬಾರದು. ಮುಟ್ಟು ತಪ್ಪಿದ್ದಾಗ ಕಿಬ್ಬೊಟ್ಟೆಯಲ್ಲಿ ಜೋರು ನೋವು ಬಂದು ತಲೆ ತಿರುಗಿದರೆ ಅದೂ ಹಾಗೇ. ಎದೆಗುಳಿಯ ನೋವಿನ ಜೊತೆ ಮೈ ಬೆವತು ಉಸಿರು ಕಟ್ಟಿದಂತಾದರೆ ಮೊದಲು ಇಸಿಜಿ ಆಗಲಿ. ಹೃದಯದ ನೋವನ್ನು ಗ್ಯಾಸ್ ಎಂದುಕೊಂಡು ಮನೆಯಲ್ಲಿ ಸೋಡಾ ಕುಡಿದು ಮಲಗಿದವರನ್ನು ಕಂಡಿದ್ದೇನೆ.

ಕೊನೆಗೆ, ಆ ತಾಯಿ ಬರೆದಂತೆ ನಿಮ್ಮ ಭಯವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಗಡ್ಡೆಯ ಭಯ ಎಂದು ಕಂಡಿದ್ದರಿಂದ ಸ್ಕ್ಯಾನ್ ಆದ ದಿನ ನಾನು ಮೊದಲು ಹೇಳಿದ್ದೇ ಗಡ್ಡೆ ಇಲ್ಲ ಎಂದು, ಹರಳಿನ ಮಾತು ಆಮೇಲೆ. ಕಾಗದವನ್ನು ಕೊಡುವ ಮೊದಲು ಮಗಳ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಯಾರ ಹತ್ತಿರ ಹೋದರೂ ಅದೇ ಸಾಕು. ಅಷ್ಟರೊಳಗೆ ಮತ್ತೊಮ್ಮೆ ನೋವು ಬಂದರೆ ಇಳಿದ ಮೇಲೆ ಹೋದರಾಯಿತು ಎಂದು ಬಿಡಬೇಡಿ. ನೋವು ಇರುವಾಗಲೇ, ಇಲ್ಲವೇ ಮರುದಿನ ಬೆಳಿಗ್ಗೆಯೇ ಹೋಗಿ, ನಿನ್ನೆ ಇಷ್ಟು ಗಂಟೆಗೆ ಬಂದಿತ್ತು ಎಂದು ಹೇಳಿ. ಹರಳು ಪಿತ್ತನಾಳಕ್ಕೆ ಜಾರಿದ್ದರೆ ಯಕೃತ್ತಿನ ರಕ್ತಪರೀಕ್ಷೆಯಲ್ಲಿ ಏರುಪೇರು ಕಾಣುವುದು ಆ ಹೊತ್ತಿಗೇ. ಹರಳು ತಾನಾಗಿ ದಾಟಿಹೋಗಿ ಕೆಲವು ದಿನ ಕಳೆದರೆ ಅದೇ ಪರೀಕ್ಷೆ ಸರಿ ಇದೆ ಎಂದು ಬರಬಹುದು.